ಕೋಚಿಂಗ್ ಅರ್ಧಕ್ಕೇ ಬಿಟ್ಟರೆ ಕಟ್ಟಿದ ಕಂತು ವಾಪಸ್ ಬರುತ್ತಾ? ರಸೀದಿಯಲ್ಲಿ ಏನೇನೋ ಬರೆದಿದ್ದಾರೆ

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಮಗಳನ್ನ ಜೂನ್‌ನಲ್ಲಿ ನೀಟ್ ಲಾಂಗ್ ಟರ್ಮ್ ಕೋಚಿಂಗಿಗೆ ಸೇರಿಸಿದ್ವಿ. ಜೂನ್ 1ರಿಂದ ಮಾರ್ಚ್ 31ರವರೆಗೆ, ಹತ್ತು ತಿಂಗಳು. ಒಟ್ಟು ಫೀಸು 1,18,000, ಜಿಎಸ್‌ಟಿ ಸೇರಿಸಿ. ಮೂರು ಕಂತು ಮಾಡಿಕೊಟ್ಟಿದ್ರು: ಸೇರುವಾಗ 47,200, ಆಗಸ್ಟ್ 1ಕ್ಕೆ 35,400, ನವೆಂಬರ್ 1ಕ್ಕೆ ಇನ್ನೊಂದು 35,400. ಮೊದಲೆರಡು ಕಟ್ಟಿದ್ದೀವಿ. ಮೂರನೆಯದಕ್ಕೆ ನವೆಂಬರ್ 1ರ ದಿನಾಂಕ ಹಾಕಿ ಚೆಕ್ ಬರೆಸಿಕೊಂಡಿದ್ದಾರೆ.

ಈಗ ಅವಳಿಗೆ ಕೌನ್ಸೆಲಿಂಗ್‌ನಲ್ಲಿ ಬಿ.ಎಸ್ಸಿ. ಕೃಷಿ ಸೀಟು ಸಿಕ್ಕಿದೆ, ಹೋಗ್ತೀನಿ ಅಂತಾಳೆ. ಸೆಪ್ಟೆಂಬರ್ 30 ಕೊನೆ ಕ್ಲಾಸು. ನನ್ನ ಲೆಕ್ಕ, ಎರಡನೇ ಕಂತು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನದು, ಹಾಗಾಗಿ ಒಂದು ತಿಂಗಳ ದುಡ್ಡಾದರೂ ವಾಪಸ್ ಬರಬೇಕು. ಆಫೀಸಿನಲ್ಲಿ ಕೇಳಿದ್ರೆ, ‘ವಾಪಸ್ ಇರಲಿ ಮೇಡಂ, ನೀವೇ ಇನ್ನೂ ಮೂರನೇ ಕಂತು ಕೊಡಬೇಕು’ ಅಂದ್ರು. ರಸೀದಿಯ ಕೆಳಗೆ ಸಣ್ಣಕ್ಷರದಲ್ಲಿ ‘ಒಮ್ಮೆ ಪಾವತಿಸಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ’ ಅಂತ ಇದೆ. ಹಾಗಾದ್ರೆ ಬಿಟ್ಟುಬಿಡೋದಾ?

ಗುಡುಗು_ಸಿಡಿಲು

ಬಿಡೋದು ಯಾಕೆ ಅಕ್ಕ? ಯುಜಿಸಿ ರೂಲ್ಸ್ ಇದೆ. ಅಡ್ಮಿಷನ್ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಕೊಡಲೇಬೇಕು. ನನ್ನ ತಮ್ಮನಿಗೆ ಇಂಜಿನಿಯರಿಂಗ್ ಕಾಲೇಜಿನವರು 80 ಪರ್ಸೆಂಟ್ ಕೊಟ್ರು. ಅದನ್ನೇ ಪ್ರಿಂಟ್ ಹಾಕ್ಕೊಂಡು ಹೋಗಿ ಟೇಬಲ್ ಮೇಲಿಡಿ, ಗಪ್‌ಚುಪ್ ಆಗ್ತಾರೆ.

ಎರಡುಮಕ್ಕಳತಾಯಿ

ನಮ್ಮದೂ ಇದೇ ಗೋಳು ನೋಡಿ. ಮಗನನ್ನ ಆರನೇ ಕ್ಲಾಸಿನಿಂದ ಬೇರೆ ಸ್ಕೂಲಿಗೆ ಹಾಕೋಣ ಅಂದ್ರೆ, ಪೂರ್ತಿ ವರ್ಷದ ಫೀಸು ಕಟ್ಟಿದ ಮೇಲೇ ಟಿಸಿ ಅಂತ ಕೂತಿದ್ದಾರೆ. ನೀವು ಮೊದಲು ಟಿಸಿ ಇಸ್ಕೊಳ್ಳಿ, ಆಮೇಲೆ ಜಗಳ ಮಾಡಿ. ಅಂದಹಾಗೆ ಆ ಕೋಚಿಂಗ್ ರಸೀದಿನ 80ಸಿ ಅಡಿ ತೋರಿಸಿ ಇನ್‌ಕಮ್ ಟ್ಯಾಕ್ಸ್‌ನಲ್ಲಾದರೂ ಉಳಿಸ್ಕೊಳ್ಳಿ.

ಖಾತೆಕಿರ್ದಿ

ಒಂದೊಂದಾಗಿ ಬಿಡಿಸೋಣ, ಇಲ್ಲಾಂದ್ರೆ ಎಲ್ಲಾ ಕಲಸುಮೇಲೋಗರ ಆಗುತ್ತೆ. ನಾನು ಲೆಕ್ಕ ಬರೆಯೋನು. ಎರಡು ಕೋಚಿಂಗ್ ಸೆಂಟರ್‌ಗಳ ಜಿಎಸ್‌ಟಿ ರಿಟರ್ನ್ ಬಹಳ ವರ್ಷ ನಾನೇ ಹಾಕ್ತಿದ್ದೆ.

ಯುಜಿಸಿ ನಿಯಮ ವಿಶ್ವವಿದ್ಯಾಲಯ, ಕಾಲೇಜುಗಳಿಗೆ. ಕೋಚಿಂಗಿಗೆ ಅದು ಹತ್ತೋದಿಲ್ಲ. ಹತ್ತಿದ್ರೂ ಸಂಜೆಮಲ್ಲಿಗೆಯವರಿಗೆ ನಷ್ಟವೇ. 2018ರ ಆ ಪಟ್ಟಿಯಲ್ಲಿ ಪ್ರವೇಶದ ಕೊನೇ ದಿನ ಕಳೆದು 30 ದಿನ ಆದ ಮೇಲೆ ವಾಪಸ್ ಸೊನ್ನೆ. ಇವರು ನಾಲ್ಕು ತಿಂಗಳು ಓದಿಸಿದ್ದಾರೆ. ಅದನ್ನ ನೀವೇ ಪ್ರಿಂಟ್ ಹಾಕ್ಕೊಂಡು ಹೋದ್ರೆ ಅವರ ಕೈಗೆ ದೊಣ್ಣೆ ಕೊಟ್ಟ ಹಾಗೆ.

80ಸಿ ಕೂಡ ಆಗಲ್ಲ. ಅದು ಶಾಲೆ, ಕಾಲೇಜಿನ ಪೂರ್ಣಾವಧಿ ಶಿಕ್ಷಣದ ಬೋಧನಾ ಶುಲ್ಕಕ್ಕೆ ಮಾತ್ರ. ಟಿಸಿ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ, ಕೋಚಿಂಗಿನವರು ಟಿಸಿ ಕೊಡೋದಿಲ್ಲ. ಆದರೆ ಎರಡುಮಕ್ಕಳತಾಯಿ ಅವರೇ, ನಿಮ್ಮ ಮಗ ಆರನೇ ಕ್ಲಾಸು. ಎಂಟನೇ ತರಗತಿವರೆಗೆ ಕಡ್ಡಾಯ ಶಿಕ್ಷಣ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ಶಿಕ್ಷಕರು ಟಿಸಿಯನ್ನ ತಕ್ಷಣ ಕೊಡಬೇಕು. ಬಿಇಒ ಆಫೀಸಿಗೆ ಒಂದು ಅರ್ಜಿ ಬರೀರಿ. ಫೀಸಿನ ತಕರಾರು ಬೇರೆ, ಟಿಸಿ ಬೇರೆ.

ಇನ್ನು ಮೂಲ ಪ್ರಶ್ನೆ. ಸಂಜೆಮಲ್ಲಿಗೆ ಅವರೇ, ‘ಎರಡನೇ ಕಂತು ಇಂತಿಂಥ ತಿಂಗಳಿಗೆ’ ಅನ್ನೋ ಲೆಕ್ಕ ಬಿಟ್ಟುಬಿಡಿ. ಕಂತು ಅಂದ್ರೆ ಒಟ್ಟು ಫೀಸನ್ನ ಕಟ್ಟೋ ಅನುಕೂಲ ಅಷ್ಟೇ, ಅದಕ್ಕೂ ತಿಂಗಳಿಗೂ ಸಂಬಂಧ ಇಲ್ಲ. ಆಫೀಸಿನವರು ಹೇಳೋದೂ ಅದನ್ನೇ, ಆ ಮಟ್ಟಿಗೆ ಅವರದು ಸರಿ. ಕೇಳಬೇಕಾದ್ದು ಬೇರೆ: ಹತ್ತು ತಿಂಗಳ ಪಾಠದಲ್ಲಿ ಎಷ್ಟು ಬಳಸಿದ್ದೀರಿ, ಈವರೆಗೆ ಎಷ್ಟು ಕಟ್ಟಿದ್ದೀರಿ?

ಲೆಕ್ಕ ಹಾಕೋಕೆ ನಿಮ್ಮ ಕಾಗದಗಳಲ್ಲಿ ಏನಿದೆ ಅಂತ ಬೇಕು. ಪ್ರತಿ ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಏನು ಹೆಸರಿದೆ? ಫೀಸನ್ನ ಯಾವ ಯಾವ ಬಾಬ್ತಿಗೆ ಹಂಚಿದ್ದಾರೆ? ಎರಡೂ ರಸೀದಿ ಒಂದೇ ಸಂಸ್ಥೆಯ ಹೆಸರಲ್ಲಿವೆಯಾ, ಜಿಎಸ್‌ಟಿ ನಂಬರ್ ಇದೆಯಾ?

ಸಂಜೆಮಲ್ಲಿಗೆ

ಹುಡುಕಿದೆ. ಸೇರುವಾಗ ಕೊಟ್ಟಿದ್ದು ‘ಪ್ರೊಫಾರ್ಮಾ ಇನ್‌ವಾಯ್ಸ್’, ಪೂರ್ತಿ 1,18,000ಕ್ಕೆ. ಆಮೇಲೆ ಎರಡು ‘ಟ್ಯಾಕ್ಸ್ ಇನ್‌ವಾಯ್ಸ್ ಕಮ್ ರಿಸಿಪ್ಟ್’ ಇಮೇಲ್‌ಗೆ ಬಂದಿವೆ, ನಾನು ತೆಗೆದೇ ನೋಡಿರಲಿಲ್ಲ. ಎರಡರ ಮೇಲೂ ಒಂದೇ ಹೆಸರು, ಒಂದೇ ಜಿಎಸ್‌ಟಿ ನಂಬರ್.

ಮೊದಲ ಕಂತು: ನೋಂದಣಿ ಶುಲ್ಕ 10,000, ಸ್ಟಡಿ ಮೆಟೀರಿಯಲ್ 15,000, ಟ್ಯೂಷನ್ 15,000, ಜಿಎಸ್‌ಟಿ 7,200. ಎರಡನೇ ಕಂತು: ಟ್ಯೂಷನ್ 30,000, ಜಿಎಸ್‌ಟಿ 5,400.

ಖಾತೆಕಿರ್ದಿ

ಇದು ಸಾಕು. ಪ್ರೊಫಾರ್ಮಾ ಅಂದ್ರೆ ‘ಇಷ್ಟು ಆಗುತ್ತೆ’ ಅನ್ನೋ ಚೀಟಿ. ಅದು ಬಿಲ್ಲೂ ಅಲ್ಲ, ರಸೀದಿಯೂ ಅಲ್ಲ. ಅದನ್ನ ತೋರಿಸಿ ‘ಪೂರ್ತಿ ಬಿಲ್ ಆಗಿಬಿಟ್ಟಿದೆ, ಮೂರನೇ ಕಂತು ಬಾಕಿ’ ಅಂದ್ರೆ ಒಪ್ಪಬೇಡಿ. ನಿಜವಾಗಿ ಬಿಲ್ ಆಗಿರೋದು ಮೊದಲೆರಡು ಕಂತು ಮಾತ್ರ.

ಈಗ ಅವರ ಬಾಬ್ತುಗಳನ್ನೇ ಹಿಡಿದು ಲೆಕ್ಕ ಹಾಕಿ. ತೆರಿಗೆ ಬಿಟ್ಟು ಒಟ್ಟು ಫೀಸು 1,00,000. ನೋಂದಣಿ 10,000, ಮೆಟೀರಿಯಲ್ 15,000 ಕಳೆದರೆ ಹತ್ತು ತಿಂಗಳ ಟ್ಯೂಷನ್ 75,000, ಅಂದರೆ ತಿಂಗಳಿಗೆ 7,500. ನಾಲ್ಕು ತಿಂಗಳಿಗೆ 30,000. ನೀವು ಟ್ಯೂಷನ್ ಬಾಬ್ತಿನಲ್ಲಿ ಕಟ್ಟಿರೋದು 15,000 ಮತ್ತು 30,000, ಒಟ್ಟು 45,000. ಹೆಚ್ಚಿಗೆ ಕಟ್ಟಿದ್ದು 15,000. ಅದರ ಜಿಎಸ್‌ಟಿ 2,700 ಸೇರಿಸಿದ್ರೆ 17,700 ವಾಪಸ್ ಬರಬೇಕು. ನೋಂದಣಿ, ಮೆಟೀರಿಯಲ್ ಎರಡೂ ಅವರಿಗೇ ಬಿಟ್ಟುಕೊಟ್ಟ ಮೇಲೂ ಇಷ್ಟು.

ಬಾಬ್ತು ಒಡೆಯದೆ ಇಡೀ ಲಕ್ಷವನ್ನ ಹತ್ತು ತಿಂಗಳಿಗೆ ಹಂಚಿದ್ರೆ ಬೇರೆ ಉತ್ತರ. ನಾಲ್ಕು ತಿಂಗಳಿಗೆ 40,000. ತೆರಿಗೆ ಬಿಟ್ಟು ನೀವು ಕಟ್ಟಿದ್ದು 70,000. ವಾಪಸ್ 30,000, ಜಿಎಸ್‌ಟಿ 5,400 ಸೇರಿ 35,400. ಸರಿಯಾಗಿ ಎರಡು ಪಟ್ಟು! ಮೊದಲ ಕಂತಿಗೇ ನೋಂದಣಿಯನ್ನೂ ಮೆಟೀರಿಯಲ್ಲನ್ನೂ ತುಂಬೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಮಕ್ಕಳು ಬಿಟ್ಟುಹೋಗೋದು ಶುರುವಿನ ತಿಂಗಳುಗಳಲ್ಲೇ ಹೆಚ್ಚು. ವಾಪಸ್ ಕೊಡದೆ ಇಟ್ಟುಕೊಳ್ಳಬಹುದಾದ ಬಾಬ್ತುಗಳೆಲ್ಲ ಮೊದಲೇ ವಸೂಲಾಗಿರಬೇಕು. ಇಂಥ ಪಟ್ಟಿ ನಾನೇ ಟೈಪ್ ಮಾಡಿಕೊಟ್ಟಿದ್ದೀನಿ, ಸುಳ್ಳು ಯಾಕೆ ಹೇಳಲಿ.

ಟ್ಯೂಷನ್_ಮೇಷ್ಟ್ರು

ನಾನು ಸಣ್ಣದೊಂದು ಸೆಂಟರ್ ನಡೆಸ್ತೀನಿ, ನಲವತ್ತು ಮಕ್ಕಳು. ಎಲ್ಲರೂ ಸಂಸ್ಥೆಯವರನ್ನ ಕಳ್ಳರ ಹಾಗೆ ನೋಡೋದು ಬೇಡ. ಸೆಪ್ಟೆಂಬರ್‌ನಲ್ಲಿ ಒಂದು ಮಗು ಬಿಟ್ರೆ ಆ ಸೀಟು ಮಾರ್ಚ್‌ವರೆಗೂ ಖಾಲಿ. ಅರ್ಧ ಸಿಲಬಸ್ ಮುಗಿದ ಬ್ಯಾಚಿಗೆ ಯಾರು ಸೇರ್ತಾರೆ? ಮೇಷ್ಟ್ರುಗಳಿಗೆ ವರ್ಷಕ್ಕೆ ಮಾತು ಕೊಟ್ಟಿರ್ತೀವಿ, ಬಾಡಿಗೆ ಕರಾರು ವರ್ಷಕ್ಕೆ. ಒಬ್ಬ ವಿದ್ಯಾರ್ಥಿ ಹೋದ ಅಂತ ಖರ್ಚು ಒಂದು ರೂಪಾಯಿ ಕಮ್ಮಿ ಆಗಲ್ಲ. ಪುಸ್ತಕವನ್ನೂ ವಾಪಸ್ ಕೊಡಲ್ಲ, ಕೊಟ್ರೂ ಗೀಚಿರ್ತಾರೆ.

ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಬಿಟ್ಟಿರ್ತೀವಿ. ಅದನ್ನ ನಾವು ಕೈಯಿಂದ ಕೊಡೋಕಾಗುತ್ತಾ?

ಖಾತೆಕಿರ್ದಿ

ಮೇಷ್ಟ್ರೇ, ಖಾಲಿ ಸೀಟಿನ ಮಾತು ನ್ಯಾಯವೇ. ಜಿಎಸ್‌ಟಿ ಮಾತು ಮಾತ್ರ ಅರ್ಧ ಸತ್ಯ. ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ಟಾದ ಮೇಲೆ ಫೀಸು ವಾಪಸ್ ಕೊಟ್ರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 34ರ ಅಡಿ ಕ್ರೆಡಿಟ್ ನೋಟ್, ಅಂದ್ರೆ ಬಿಲ್ಲಿನ ಮೊತ್ತ ಇಳಿಸೋ ಕಾಗದ, ಹಾಕಿ. ಆ ತಿಂಗಳ ರಿಟರ್ನ್‌ನಲ್ಲಿ ಅಷ್ಟು ತೆರಿಗೆ ಕಮ್ಮಿಯಾಗುತ್ತೆ, ನಿಮ್ಮ ಕೈಯಿಂದ ಏನೂ ಹೋಗಲ್ಲ. ಗಡುವು ಮಾತ್ರ ಇದೆ: ಈ ಹಣಕಾಸು ವರ್ಷದ ಇನ್‌ವಾಯ್ಸ್‌ಗೆ, ವರ್ಷ ಮುಗಿದ ಮೇಲೆ ಬರೋ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದು. ಸೆಪ್ಟೆಂಬರ್‌ನಲ್ಲಿ ಬಿಟ್ಟವರಿಗೆ ಅದು ಇನ್ನೂ ವರ್ಷದ ಮೇಲಿನ ಮಾತು. ಬಿಲ್ ಮಾಡದೆ ಬರೀ ಮುಂಗಡದ ರಿಸಿಪ್ಟ್ ವೋಚರ್ ಕೊಟ್ಟಿದ್ರೆ ಅದಕ್ಕೆ ರಿಫಂಡ್ ವೋಚರ್ ಅಂತ ಇನ್ನೊಂದು ದಾರಿ.

ಸಂಜೆಮಲ್ಲಿಗೆ ಅವರು ಪತ್ರದಲ್ಲಿ ‘ಜಿಎಸ್‌ಟಿ ಸಮೇತ ವಾಪಸ್ ಮಾಡಿ, ಕ್ರೆಡಿಟ್ ನೋಟ್‌ನ ಪ್ರತಿ ಕೊಡಿ’ ಅಂತ ಬರೆದರೆ ಸಾಕು. ಆ ಪದ ಕಂಡ ಕೂಡಲೇ ಕಾಗದ ಆಫೀಸಿನ ಹುಡುಗಿಯ ಟೇಬಲ್ ದಾಟಿ ಲೆಕ್ಕದವರ ಕೈಗೆ ಹೋಗುತ್ತೆ.

ಇನ್ನೊಂದು. ಇನ್‌ವಾಯ್ಸ್ ಮೇಲಿರೋ ನಂಬರನ್ನ gst.gov.in ನಲ್ಲಿ Search Taxpayer ಒತ್ತಿ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ರಸೀದಿಯ ಮೇಲಿನ ಹೆಸರೇ ಅಲ್ಲೂ ಬರಬೇಕು, ನೋಂದಣಿ ಚಾಲ್ತಿಯಲ್ಲಿರಬೇಕು. ರದ್ದಾದ ನಂಬರ್ ಹಾಕಿ 18 ಪರ್ಸೆಂಟ್ ವಸೂಲು ಮಾಡಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಉತ್ತರದ_ಗಾಳಿ

ನಮ್ಮ ಕಥಿ ಸ್ವಲ್ಪ ಕೇಳ್ರಿ. ನಿಮ್ಮದು ಚೆಕ್ ಐತಿ, ಪುಣ್ಯಾ ಮಾಡೀರಿ. ನಮಗ ‘ಬಡ್ಡಿ ಇಲ್ಲದ ಕಂತು ಸರ್’ ಅಂತ ಹೇಳಿ ಮೊಬೈಲ್‌ನಾಗ ಎರಡು ಓಟಿಪಿ ತಗೊಂಡ್ರು. ಮಗ ಎರಡ ತಿಂಗಳಿಗೆ ಬಿಟ್ಟ. ಆಮ್ಯಾಲ ನೋಡಿದ್ರ ಅದು ಕಂತಲ್ಲ, ನನ್ನ ಹೆಸರಿನ್ಯಾಗ ಫೈನಾನ್ಸ್ ಕಂಪನಿ ಸಾಲ! ಕಂಪನಿ ಪೂರ್ತಿ ರೊಕ್ಕ ಕೋಚಿಂಗಿನವರಿಗೆ ಮೊದಲನೇ ದಿನಾನ ಕೊಟ್ಟೈತಿ. ಕೋಚಿಂಗಿನವರು ‘ಕಂಪನಿ ಕೇಳ್ರಿ’ ಅಂತಾರ, ಕಂಪನಿಯವರು ‘ಕೋಚಿಂಗಿನವರನ್ನ ಕೇಳ್ರಿ’ ಅಂತಾರ. ಸಿಟ್ಟಿಗೆ ಬ್ಯಾಂಕಿನ್ಯಾಗ ಕಂತು ನಿಲ್ಲಿಸಿದೆ. ಈಗ ಸಿಬಿಲ್ ಸ್ಕೋರ್ ನೆಲಾ ಕಚ್ಚೈತಿ, ಟ್ರ್ಯಾಕ್ಟರ್ ಸಾಲಕ್ಕ ಹೋದ್ರ ಬ್ಯಾಂಕಿನವ ತಲಿ ಅಲ್ಲಾಡಿಸ್ತಾನ.

ಕರಿಕೋಟು

ಗಾಳಿಯವರೇ, ನಿಮ್ಮಲ್ಲಿರೋದು ಎರಡು ಬೇರೆ ಕರಾರು, ಅದೇ ತೊಡಕು. ಸಾಲದ ಕರಾರು ನಿಮಗೂ ಕಂಪನಿಗೂ, ಪಾಠದ ಕರಾರು ನಿಮಗೂ ಕೋಚಿಂಗಿಗೂ. ಕ್ಲಾಸು ಬಿಟ್ಟ ಮಾತ್ರಕ್ಕೆ ಸಾಲ ನಿಲ್ಲೋದಿಲ್ಲ. ಕೋಚಿಂಗಿನವರು ವಾಪಸ್ ಮಾಡಬೇಕಾದ ಹಣವನ್ನ ನೇರವಾಗಿ ನಿಮ್ಮ ಸಾಲದ ಖಾತೆಗೆ ಹಾಕಲಿ ಅಂತ ಇಬ್ಬರಿಗೂ ಒಂದೇ ಪತ್ರ ಬರೀರಿ, ಸಾಲದ ಖಾತೆ ಸಂಖ್ಯೆ ಹಾಕಿ. ಮೊಬೈಲ್‌ನಲ್ಲಿ ಕೊಡೋ ಸಾಲಕ್ಕೆ ರಿಸರ್ವ್ ಬ್ಯಾಂಕ್ ಕೂಲಿಂಗ್ ಆಫ್ ಅವಧಿ ಕಡ್ಡಾಯ ಮಾಡಿದೆ. ಅಷ್ಟರೊಳಗೆ ಅಸಲು, ಆ ಕೆಲವು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದಿತ್ತು. ನಿಮ್ಮದು ಎರಡು ತಿಂಗಳು, ಅದು ದಾಟಿಹೋಗಿದೆ. ಓದುತ್ತಿರೋ ಬೇರೆಯವರು, ‘ಕಂತು’ ಅಂದವರು ಪ್ಯಾನ್, ಆಧಾರ್, ಓಟಿಪಿ ಕೇಳಿದ್ರೆ ಅದು ಸಾಲ ಅಂತ ತಿಳ್ಕೊಳ್ಳಿ.

ಸಂಜೆಮಲ್ಲಿಗೆ ಅವರಿಗೆ ಈಗ ತುರ್ತು ಆ ಚೆಕ್ಕು. ವಾಪಸ್ ಬರೋ 17,700ಕ್ಕಿಂತ ಅದೇ ದೊಡ್ಡ ತಲೆನೋವು. ನವೆಂಬರ್ 1ಕ್ಕೆ ಅವರು ಬ್ಯಾಂಕಿಗೆ ಹಾಕಿ, ಅದು ಬೌನ್ಸ್ ಆದರೆ ಸೆಕ್ಷನ್ 138ರ ನೋಟಿಸ್ ಬರಬಹುದು. ಬರೀ ‘ಸ್ಟಾಪ್ ಪೇಮೆಂಟ್’ ಕೊಟ್ಟರೂ 138 ತಪ್ಪಿಯೇ ಹೋಯ್ತು ಅಂತಿಲ್ಲ. ಅದಕ್ಕೆ ಮೂರು ಕೆಲಸ ಈ ಅನುಕ್ರಮದಲ್ಲೇ ಆಗಲಿ. ಮೊದಲು ಸಂಸ್ಥೆಗೆ ಪತ್ರ: ಸೆಪ್ಟೆಂಬರ್ 30ಕ್ಕೆ ಬಿಟ್ಟಿದ್ದೇವೆ, ಅಕ್ಟೋಬರ್‌ನಿಂದ ಪಾಠ ಪಡೆಯೋದಿಲ್ಲ, ಹಾಗಾಗಿ ಇಂಥ ನಂಬರಿನ ಚೆಕ್ಕಿನ ಮೊತ್ತ ನಾವು ಕೊಡಬೇಕಾದ್ದಲ್ಲ, ಚೆಕ್ ಹಿಂತಿರುಗಿಸಿ. ಆಮೇಲೆ ಆ ಪತ್ರದ ಪ್ರತಿ ಇಟ್ಟು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್. ಜೊತೆಗೆ ನವೆಂಬರ್ ಪೂರ್ತಿ ಖಾತೆಯಲ್ಲಿ 35,400ಕ್ಕಿಂತ ಹೆಚ್ಚು ಹಣ ಇರಲಿ. ದುಡ್ಡಿಲ್ಲದೆ ಚೆಕ್ ತಡೆದದ್ದಲ್ಲ, ಸಾಲವೇ ಇರಲಿಲ್ಲ ಅಂತ ತೋರಿಸೋಕೆ ಅದೇ ನಿಮ್ಮ ಸಾಕ್ಷಿ.

ಪತ್ರ ಇವತ್ತೇ ಹೋಗಲಿ. ‘ಬಾಯಲ್ಲಿ ಹೇಳಿದ್ದೆ’ ಅನ್ನೋದು ನಿಲ್ಲಲ್ಲ. ನೀವು ಬಿಟ್ಟ ದಿನ ಯಾವುದು ಅನ್ನೋದನ್ನ ಪತ್ರದ ದಿನಾಂಕವೇ ತೀರ್ಮಾನಿಸೋದು. ಒಂದು ತಿಂಗಳು ತಡ ಮಾಡಿದ್ರೆ ಖಾತೆಕಿರ್ದಿಯವರ ಲೆಕ್ಕದಲ್ಲೇ 7,500 ಮತ್ತು ಅದರ ತೆರಿಗೆ ಕರಗುತ್ತೆ. ಇಮೇಲ್ ಮಾಡಿ, ಕೈಯಲ್ಲೂ ಒಂದು ಪ್ರತಿ ಕೊಟ್ಟು ಸೀಲು ಹಾಕಿಸ್ಕೊಳ್ಳಿ. ಸೀಲು ಕೊಡದಿದ್ರೆ ಸ್ಪೀಡ್ ಪೋಸ್ಟ್.

ಗುಡುಗು_ಸಿಡಿಲು

ಯುಜಿಸಿ ವಿಷಯ ತಪ್ಪಾಯ್ತು, ಒಪ್ಪಿಕೊಳ್ತೀನಿ. ಆದ್ರೆ ‘ವಾಪಸ್ ಇಲ್ಲ’ ಅಂತ ಪ್ರಿಂಟೇ ಆಗಿದೆಯಲ್ಲ, ಅದಕ್ಕೆ ಸಹಿ ಬೇರೆ ಹಾಕಿದ್ದಾರೆ. ಲಾಯರ್ ಸಾಹೇಬ್ರು ಅದಕ್ಕೆ ಏನಂತೀರಿ?

ಕರಿಕೋಟು

ಪ್ರಿಂಟ್ ಆದದ್ದೆಲ್ಲ ಕಾನೂನಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ‘ಅನ್ಯಾಯದ ಕರಾರು’ ಅಂತಲೇ ಒಂದು ವ್ಯಾಖ್ಯೆ ಇದೆ, ಅಂಥ ಏಕಪಕ್ಷೀಯ ಷರತ್ತನ್ನ ಪ್ರಶ್ನಿಸಬಹುದು. ಶಾಲೆ, ಕಾಲೇಜಿನ ಮೇಲೆ ಗ್ರಾಹಕ ಆಯೋಗಕ್ಕೆ ಹೋದ್ರೆ ‘ಶಿಕ್ಷಣ ಸರಕಲ್ಲ’ ಅಂತ ದೂರು ಬಿದ್ದುಹೋಗೋದು ಹೆಚ್ಚು. ಕೋಚಿಂಗ್ ಕಥೆ ಬೇರೆ. 2020ರಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ ಶಿಕ್ಷಣ ಸಂಸ್ಥೆಗಳನ್ನ ಹೊರಗಿಟ್ಟಿತು, ಆದರೆ ಕೋಚಿಂಗ್ ಸೆಂಟರ್‌ಗಳು ಆಯೋಗದ ವ್ಯಾಪ್ತಿಗೆ ಬರುತ್ತವೆ ಅಂತ ಬೇರೆಯಾಗೇ ಹೇಳಿತು.

ಇನ್ನು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ. ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನ 10 ದಿನದೊಳಗೆ ವಾಪಸ್ ಕೊಡಬೇಕು, ಅವರದೇ ಹಾಸ್ಟೆಲ್ ಆಗಿದ್ರೆ ಹಾಸ್ಟೆಲ್, ಮೆಸ್ ದುಡ್ಡೂ ಸೇರಿ ಅಂತ ಅದರಲ್ಲಿದೆ. ನೋಟ್ಸು, ಮೆಟೀರಿಯಲ್‌ಗೆ ಬೇರೆ ಶುಲ್ಕ ಬೇಡ ಅಂತಲೂ ಇದೆ. ಮೆಟೀರಿಯಲ್‌ನ 15,000 ಪ್ರಶ್ನಿಸೋಕೆ ಅದು ನಿಮ್ಮ ಆಧಾರ. ಆದರೆ ಅದು ಮಾರ್ಗಸೂಚಿ, ಸ್ವತಃ ಕಾಯ್ದೆಯಲ್ಲ, ಜಾರಿ ರಾಜ್ಯಗಳಿಗೆ ಬಿಟ್ಟದ್ದು. ಪತ್ರದಲ್ಲಿ ಉಲ್ಲೇಖಿಸಿ, ಅದೊಂದನ್ನೇ ನೆಚ್ಚಬೇಡಿ.

ಟ್ಯೂಷನ್_ಮೇಷ್ಟ್ರು

‘ಪೂರ್ತಿ ಫೀಸು ಕಟ್ಟಿದವರಿಗೆ’ ಅಂತ ನೀವೇ ಹೇಳಿದ್ರಿ. ಇವರು ಪೂರ್ತಿ ಕಟ್ಟಿಲ್ಲವಲ್ಲ.

ಕರಿಕೋಟು

ನಾನು ಸಂಸ್ಥೆಯ ವಕೀಲನಾಗಿದ್ರೆ ಇದೇ ವಾದ ಹೂಡ್ತಿದ್ದೆ, ಮೇಷ್ಟ್ರೇ. ಆದರೆ ಪೂರ್ತಿ ಕಟ್ಟಿದವನಿಗೆ ವಾಪಸ್, ಕಂತಿನಲ್ಲಿ ಕಟ್ಟಿದವನಿಗೆ ಇಲ್ಲ ಅನ್ನೋದನ್ನ ಆಯೋಗದ ಮುಂದೆ ನಿಂತು ಸಮರ್ಥಿಸೋದು ಕಷ್ಟ.

ಖಾತೆಕಿರ್ದಿ

ಮೇಷ್ಟ್ರ ಖಾಲಿ ಸೀಟಿಗೂ ಒಂದು ಬೆಲೆ ಇರಲಿ ಅಂದ್ರೆ ನಡುವಿನ ಲೆಕ್ಕ ಒಂದಿದೆ. ನೋಂದಣಿ 10,000 ಒಂದು ಸಲದ ಕೆಲಸ, ಅದನ್ನ ಬಿಟ್ಟುಕೊಡಿ. ಉಳಿದ 90,000 ಹತ್ತು ತಿಂಗಳಿಗೆ ಹಂಚಿದ್ರೆ ನಾಲ್ಕು ತಿಂಗಳಿಗೆ 36,000. ಎರಡೂ ಸೇರಿ 46,000. ಕಟ್ಟಿದ 70,000ದಲ್ಲಿ ಉಳಿದದ್ದು 24,000, ತೆರಿಗೆ ಸೇರಿ 28,320. ಪತ್ರದಲ್ಲಿ ಮಾತ್ರ 35,400 ಅಂತಲೇ ಬರೀರಿ. ಕೆಳಗಿನ ಮೊತ್ತದಿಂದ ಶುರು ಮಾಡಿದ್ರೆ ಅಲ್ಲಿಂದಲೂ ಇಳಿಸ್ತಾರೆ.

ಸಂಜೆಮಲ್ಲಿಗೆ

ಮೂರು ವಾರದ ಮೇಲೆ ಬರ್ತಿದ್ದೀನಿ. ಪತ್ರ ಅವತ್ತೇ ಇಮೇಲ್ ಮಾಡಿದೆ, ಮರುದಿನ ಕೈಯಲ್ಲೂ ಕೊಟ್ಟೆ. ಸೀಲು ಹಾಕೋಕೆ ಹುಡುಗಿ ಒಪ್ಪಲಿಲ್ಲ, ಅಂಚೆಯಲ್ಲಿ ಕಳಿಸಿದೆ. ಒಂದು ವಾರ ಸುದ್ದಿ ಇಲ್ಲ. ಆಮೇಲೆ ಅಕೌಂಟ್ಸ್‌ನವರೇ ಫೋನ್ ಮಾಡಿದ್ರು. ಮೊದಲು ‘ದೊಡ್ಡ ಮನಸ್ಸು ಮಾಡಿ 15,000 ಕೊಡ್ತೀವಿ’ ಅಂದ್ರು. ಜಿಎಸ್‌ಟಿ, ಕ್ರೆಡಿಟ್ ನೋಟ್ ಅಂದೆ. ಒಂದು ನಿಮಿಷ ಸುಮ್ಮನಿದ್ದು, ‘ವಿಚಾರಿಸಿ ಹೇಳ್ತೀವಿ ಮೇಡಂ’ ಅಂದ್ರು. ಸಂಜೆಗೆ 17,700 ಆಯ್ತು!

ಚೆಕ್ ಕೈಗೆ ಬಂದಿದೆ, ಹರಿದು ಹಾಕಿದೆ. ಆದರೆ 17,700 ಬೇಕಾದ್ರೆ ‘ಇನ್ನು ಮುಂದೆ ಯಾವ ಬಾಕಿಯೂ ಇಲ್ಲ, ಸಂಪೂರ್ಣ ಇತ್ಯರ್ಥ’ ಅಂತ ಒಂದು ಕಾಗದಕ್ಕೆ ಸಹಿ ಕೇಳ್ತಿದ್ದಾರೆ. ಮನೆಯವರು ‘ಸಹಿ ಹಾಕಿ ಮುಗಿಸು’ ಅಂತಾರೆ. ಏನ್ ಮಾಡ್ಲಿ?

ಕರಿಕೋಟು

ಮಿಕ್ಕ 17,700 ಬೇಡ ಅಂತ ಮನಸ್ಸಿದ್ರೆ ಸಹಿ ಹಾಕಿ, ಅದರಲ್ಲಿ ನಾಚಿಕೆ ಏನಿಲ್ಲ. ಬೇಕು ಅಂದ್ರೆ ‘ಆಕ್ಷೇಪಣೆ ಉಳಿಸಿಕೊಂಡು ಭಾಗಶಃ ಪಡೆದಿದ್ದೇನೆ’ ಅಂತ ಕೈಬರಹದಲ್ಲಿ ಸೇರಿಸಿ ಸಹಿ ಮಾಡಿ. ಒಪ್ಪದಿದ್ರೆ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಎಷ್ಟೋ ಸಂಸ್ಥೆಗಳು ಅಲ್ಲೇ ಇಳಿದುಬರ್ತವೆ. ಆಮೇಲೆ ಜಿಲ್ಲಾ ಆಯೋಗ. ನೀವು ಕೊಟ್ಟ ಹಣ 5 ಲಕ್ಷದೊಳಗಿರೋದರಿಂದ ದೂರಿನ ಶುಲ್ಕ ಇಲ್ಲ, ನಿಮ್ಮ ಮನೆ ಇರೋ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷ ಕಾಲಾವಕಾಶ ಇದೆ. ಆದರೆ ತಿಂಗಳುಗಟ್ಟಲೆ ಓಡಾಟ ಇರುತ್ತೆ, ಅದನ್ನ ಮುಚ್ಚಿಟ್ಟು ಹೇಳಲಾರೆ.

ಟ್ಯೂಷನ್_ಮೇಷ್ಟ್ರು

17,700 ತಗೊಂಡು ಬಿಡಿ ಮೇಡಂ. ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ಲ.

ಖಾತೆಕಿರ್ದಿ

ಪುಸ್ತಕ 15,000 ಬಾಳೋದಿಲ್ಲ ಅಂತ ಮೇಷ್ಟ್ರಿಗೂ ಗೊತ್ತು. ನಾನಾಗಿದ್ರೆ 1915ವರೆಗಾದರೂ ಹೋಗ್ತಿದ್ದೆ. ಏನೇ ಆಗಲಿ, ಕ್ರೆಡಿಟ್ ನೋಟ್‌ನ ಪ್ರತಿ ಕೈಗೆ ಬರೋವರೆಗೆ ಯಾವ ಕಾಗದಕ್ಕೂ ಸಹಿ ಬೇಡ. ಅದರ ಮೇಲೆ ಮೂಲ ಇನ್‌ವಾಯ್ಸ್ ನಂಬರ್ ಇದೆಯಾ ಅಂತ ನೋಡಿ.

ಉತ್ತರದ_ಗಾಳಿ

ಕರಿಕೋಟು ಸರ್, ನೀವು ಹೇಳಿದಂಗ ಇಬ್ಬರಿಗೂ ಒಂದ ಪತ್ರ ಹಾಕೀನಿ. ಫೈನಾನ್ಸಿನವರು ಉತ್ತರ ಕೊಟ್ಟಾರ, ಕೋಚಿಂಗಿನವರು ಇನ್ನೂ ಇಲ್ಲ. ಹತ್ತು ದಿನ ನೋಡ್ತೀನಿ.

ಸಂಜೆಮಲ್ಲಿಗೆ

ಸಹಿ ಹಾಕಿಲ್ಲ. ‘ಭಾಗಶಃ’ ಅಂತ ಬರೆದು ಕಳಿಸಿದ್ದೀನಿ, ಅವರು ‘ಮ್ಯಾನೇಜ್‌ಮೆಂಟ್ ಕೇಳಬೇಕು’ ಅಂದಿದ್ದಾರೆ. ಮಗಳು ಹಾಸ್ಟೆಲಿಗೆ ಹೋಗಿಯಾಯ್ತು. ಅಲ್ಲಿ ಕಟ್ಟಿದ ಫೀಸಿನ ರಸೀದಿ ನಿನ್ನೆ ಬಂತು, ಈ ಸಲ ಅವತ್ತೇ ತೆಗೆದು ಸಾಲು ಸಾಲು ಓದಿದೆ.